ಝೆರಾಕ್ಸ್ ಆದ ಮೇಲೂ ಓದಲು ಬರುವ ಬಜೆಟ್ ಚಾರ್ಟ್: ಪಂಚಾಯತಿ ವರದಿಗೆ ಹಂತ ಹಂತದ ಮಾರ್ಗದರ್ಶಿ

ಫೆಬ್ರವರಿ-ಮಾರ್ಚ್ ಬಂತೆಂದರೆ ಹಾವೇರಿ, ಗದಗ ಕಡೆಯ ಗ್ರಾಮ ಪಂಚಾಯತಿಗಳ ಡೇಟಾ ಎಂಟ್ರಿ ಆಪರೇಟರ್‌ಗಳು, ಲೆಕ್ಕ ಸಹಾಯಕರು ಒಂದೇ ತೊಂದರೆ ಹೊತ್ತು ಬರುತ್ತಾರೆ. ಬಜೆಟ್ ವರದಿಗೆ ಎಕ್ಸೆಲ್‌ನಲ್ಲಿ ಬಣ್ಣಬಣ್ಣದ ಚಾರ್ಟ್ ಮಾಡಿರುತ್ತಾರೆ, ಪರದೆಯ ಮೇಲೆ ಅದು ಚೆನ್ನಾಗಿಯೇ ಕಾಣುತ್ತದೆ. ಸದಸ್ಯರಿಗೆಲ್ಲ ಹಂಚಲು ತಾಲೂಕು ಕಚೇರಿ ಎದುರಿನ ಅಂಗಡಿಯಲ್ಲಿ ಕಪ್ಪು-ಬಿಳುಪು ಝೆರಾಕ್ಸ್ ತೆಗೆಸಿದ ಮೇಲೆ ಸಭೆಯಲ್ಲಿ ಮೊದಲ ಪ್ರಶ್ನೆ ಬರುತ್ತದೆ: "ಇದ್ರಾಗ ನೀರಿಂದು ಯಾವುದ್ರಿ, ಕರೆಂಟ್ ಬಿಲ್ಲಿಂದು ಯಾವುದು?"

ಆಮೇಲೆ ಬಹಳ ಜನ ಮಾಡುವ ತಪ್ಪು ಒಂದೇ. ಬಣ್ಣ ಬದಲಿಸಿ ನೋಡುತ್ತಾರೆ. ಕೆಂಪು ತೆಗೆದು ನೀಲಿ, ಹಸಿರು ತೆಗೆದು ಹಳದಿ. ಅದರಿಂದ ಪ್ರಯೋಜನವಿಲ್ಲ. ಯಾವ ಬಾರ್ ಯಾವುದೆಂದು ಹೇಳುವ ಕೆಲಸವನ್ನು ಬಣ್ಣದ ಕೈಯಿಂದ ತೆಗೆದು ಹೆಸರಿಗೆ, ಜಾಗಕ್ಕೆ, ಉದ್ದಕ್ಕೆ ಕೊಡಬೇಕು. ಬಣ್ಣದ ಮಾತು ಬರುವುದು ಅದಾದ ನಂತರ. ಹಾಗೆ ಮಾಡಿದರೆ ಝೆರಾಕ್ಸ್ ಯಂತ್ರಕ್ಕೂ ಸರಿಹೋಗುತ್ತದೆ, ಕೆಂಪು-ಹಸಿರಿನ ವ್ಯತ್ಯಾಸ ಹತ್ತದ ಸದಸ್ಯರಿಗೂ ಸರಿಹೋಗುತ್ತದೆ. ಕೆಳಗಿನ ಹಂತಗಳನ್ನು ಹೇಳಿದ ಕ್ರಮದಲ್ಲೇ ಮಾಡಿ. ಕ್ರಮ ತಪ್ಪಿದರೆ ಮಾಡಿದ್ದನ್ನೇ ಮತ್ತೆ ಮಾಡಬೇಕಾಗುತ್ತದೆ.

## ಮೊದಲು ಕೈಯಲ್ಲಿ ಇರಬೇಕಾದದ್ದು

ಎಕ್ಸೆಲ್ ಅಥವಾ ಲಿಬ್ರೆಆಫೀಸ್ ಇರುವ ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್, ಪರೀಕ್ಷೆಗೆ ನಾಲ್ಕಾರು ಪ್ರತಿ ತೆಗೆಯಲು ಒಪ್ಪುವ ಝೆರಾಕ್ಸ್ ಅಂಗಡಿ. ಇದರ ಜೊತೆಗೆ ಚಾರ್ಟನ್ನು ಹಿಂದೆ ಕಂಡಿರದ ಒಬ್ಬ ಮನುಷ್ಯ ಬೇಕು. ಬಿಲ್ ಕಲೆಕ್ಟರ್ ಆದರೂ ಸರಿ, ನೀರಗಂಟಿ ಆದರೂ ಸರಿ. ಚಾರ್ಟ್ ಮಾಡಿದವರಿಗೆ ಅದರಲ್ಲಿರುವುದೆಲ್ಲ ಮೊದಲೇ ಗೊತ್ತಿರುವುದರಿಂದ ಅವರ ಕಣ್ಣು ಪರೀಕ್ಷೆಗೆ ಬರುವುದಿಲ್ಲ.

ಮೆನು ಹೆಸರುಗಳನ್ನು ಎಕ್ಸೆಲ್‌ನ ಪರದೆಯಲ್ಲಿ ಕಾಣುವಂತೆಯೇ ಕೊಟ್ಟಿದ್ದೇನೆ. ಲಿಬ್ರೆಆಫೀಸ್‌ನಲ್ಲಿ ಚಾರ್ಟ್ ಮೇಲೆ ಎರಡು ಸಲ ಕ್ಲಿಕ್ ಮಾಡಿ, ನಂತರ ಬಾರ್ ಗುಂಪನ್ನು ಆರಿಸಿ `Format Data Series` ತೆರೆದರೆ `Area` ಟ್ಯಾಬ್‌ನಲ್ಲಿ ಬಣ್ಣ, `Pattern`, `Hatch` ಎಲ್ಲ ಸಿಗುತ್ತವೆ.

## ಹಂತ 1: ಒಂದು ಚಾರ್ಟಿಗೆ ಒಂದೇ ಪ್ರಶ್ನೆ

ಉದಾಹರಣೆಗೆ ಹಾವೇರಿ ಜಿಲ್ಲೆಯ ಒಂದು ಮಧ್ಯಮ ಗಾತ್ರದ ಪಂಚಾಯತಿಯ ಖರ್ಚಿನ ಪಟ್ಟಿ ತೆಗೆದುಕೊಳ್ಳೋಣ. ಅಂಕಿಗಳನ್ನು ಕಲಿಯುವುದಕ್ಕೆಂದು ನಾನೇ ಇಟ್ಟದ್ದು, ಎಲ್ಲವೂ ಲಕ್ಷ ರೂಪಾಯಿಗಳಲ್ಲಿ.

| ಬಾಬ್ತು | ಕಳೆದ ವರ್ಷದ ಖರ್ಚು | ಈ ವರ್ಷದ ಅಂದಾಜು |
|---|---|---|
| ಕುಡಿಯುವ ನೀರು | 15.1 | 18.4 |
| ಹೆಸ್ಕಾಂ ವಿದ್ಯುತ್ ಬಿಲ್ | 15.6 | 14.2 |
| ಸಿಬ್ಬಂದಿ ವೇತನ | 12.8 | 13.6 |
| ರಸ್ತೆ ಮತ್ತು ಚರಂಡಿ | 13.0 | 11.5 |
| ನೈರ್ಮಲ್ಯ | 7.2 | 9.8 |
| ಬೀದಿ ದೀಪ ನಿರ್ವಹಣೆ | 4.3 | 4.5 |
| ಒಟ್ಟು | 68.0 | 72.0 |

ಸದಸ್ಯರು ಈ ಪಟ್ಟಿ ಕಂಡಾಗ ಎರಡು ಬೇರೆ ಬೇರೆ ಪ್ರಶ್ನೆ ಕೇಳುತ್ತಾರೆ. ಹಣ ಎಲ್ಲಿ ಹೆಚ್ಚು ಹೋಗುತ್ತದೆ ಎನ್ನುವುದು ಒಂದು, ಹೋದ ವರ್ಷಕ್ಕಿಂತ ಯಾವುದು ಏರಿದೆ, ಯಾವುದು ಇಳಿದಿದೆ ಎನ್ನುವುದು ಇನ್ನೊಂದು. ಎರಡನ್ನೂ ಒಂದೇ ಚಾರ್ಟಿನಲ್ಲಿ ತುರುಕಲು ಹೋದಾಗಲೇ ಬಣ್ಣಗಳ ಸಂಖ್ಯೆ ಏರುತ್ತದೆ. ಮೂರು ವರ್ಷ, ಆರು ಬಾಬ್ತು, ಮೇಲೆ ಅನುದಾನದ ಮೂಲವನ್ನೂ ತೋರಿಸಬೇಕೆಂದರೆ ಹದಿನೆಂಟು ಬಾರ್‌ಗಳಿಗೆ ಹೊಂದುವ ಬೂದು ಛಾಯೆಗಳು ಝೆರಾಕ್ಸ್‌ನಲ್ಲಿ ಇಲ್ಲವೇ ಇಲ್ಲ. ಎರಡು ಪ್ರಶ್ನೆಗೆ ಎರಡು ಚಾರ್ಟ್ ಎಂದು ಈಗಲೇ ತೀರ್ಮಾನಿಸಿ.

## ಹಂತ 2: ಪೈ ಚಾರ್ಟ್ ಬಿಡಿ, ಅಡ್ಡ ಬಾರ್ ಹಿಡಿಯಿರಿ

ಪೈ ಚಾರ್ಟಿನಲ್ಲಿ ಹೋಳು ಯಾವುದೆಂದು ತಿಳಿಯಲು ಪಕ್ಕದ ಬಣ್ಣದ ಸೂಚಿಯನ್ನು ನೋಡಬೇಕು. ಬಣ್ಣ ಹೋದರೆ ಸೂಚಿಗೂ ಹೋಳಿಗೂ ನಂಟೇ ಕಡಿದುಹೋಗುತ್ತದೆ. ಇನ್ನೊಂದು ತೊಂದರೆಯೂ ಇದೆ. ಮೇಲಿನ ಪಟ್ಟಿಯಲ್ಲಿ ವಿದ್ಯುತ್ ಬಿಲ್ 14.2, ವೇತನ 13.6. ಪೈ ಚಾರ್ಟಿನಲ್ಲಿ ಇವು ಸುಮಾರು 71 ಮತ್ತು 68 ಡಿಗ್ರಿಯ ಹೋಳುಗಳು. ಯಾವುದು ದೊಡ್ಡದು ಎಂದು ಬಣ್ಣದ ಪ್ರತಿಯಲ್ಲೂ ಬರಿಗಣ್ಣಿಗೆ ಹೇಳಲಾಗದು. ಅದೇ ಎರಡನ್ನು ಒಂದೇ ಗೆರೆಯಿಂದ ಹೊರಡುವ ಬಾರ್‌ಗಳಾಗಿ ಮಾಡಿದರೆ ತುದಿಯ ವ್ಯತ್ಯಾಸ ಕಾಣುತ್ತದೆ.

ನಿಂತ ಬಾರ್‌ಗಿಂತ ಅಡ್ಡ ಬಾರ್ ಒಳ್ಳೆಯದು ಎನ್ನಲು ಕಾರಣ ನಮ್ಮ ಕನ್ನಡ ಹೆಸರುಗಳು. 'ಬೀದಿ ದೀಪ ನಿರ್ವಹಣೆ' ಎಂಬುದು ನಿಂತ ಬಾರ್‌ನ ಕೆಳಗೆ ಹಿಡಿಯದಿದ್ದಾಗ ಎಕ್ಸೆಲ್ ಅದನ್ನು ಓರೆಯಾಗಿ ತಿರುಗಿಸುತ್ತದೆ. ಓರೆ ಅಕ್ಷರದ ಒತ್ತು, ಗುಣಿತದ ಗುರುತು ಝೆರಾಕ್ಸ್‌ನಲ್ಲಿ ಮೊದಲು ಕೆಡುತ್ತವೆ. ಅಡ್ಡ ಬಾರ್‌ನಲ್ಲಿ ಹೆಸರು ನೇರವಾಗಿ, ಬಾರ್ ಪಕ್ಕದಲ್ಲೇ ಕೂಡುತ್ತದೆ. ಅಲ್ಲಿಗೆ ಸೂಚಿಯ ಅಗತ್ಯವೇ ಹೋಯಿತು.

ಒಂದರ ಮೇಲೊಂದು ಪೇರಿಸಿದ ಸ್ಟ್ಯಾಕ್ಡ್ ಬಾರ್ ಕೂಡ ಇಲ್ಲಿ ಬೇಡ. ಅದರ ಒಳಗಿನ ತುಂಡುಗಳನ್ನು ಬೇರ್ಪಡಿಸುವುದಕ್ಕೆ ಛಾಯೆ ಬಿಟ್ಟರೆ ಬೇರೆ ಗತಿಯಿಲ್ಲ. ಬಾಬ್ತಿಗೆ ಎರಡೇ ತುಂಡು ಇದ್ದಾಗ, ಉದಾಹರಣೆಗೆ ಒಟ್ಟು ಅನುದಾನದಲ್ಲಿ ಖರ್ಚಾದದ್ದು ಮತ್ತು ಉಳಿದದ್ದು, ಆಗ ಮಾತ್ರ ನಡೆಯುತ್ತದೆ.

## ಹಂತ 3: ಬಾರ್‌ಗಳನ್ನು ಕಟ್ಟುವುದು

ಇಲ್ಲಿ ಅವಸರ ಬೇಡ. ಉಳಿದ ಎಲ್ಲ ಹಂತಗಳೂ ಇದರ ಮೇಲೆ ನಿಂತಿವೆ.

ಮೊದಲು ಪಟ್ಟಿಯನ್ನು ಈ ವರ್ಷದ ಅಂದಾಜಿನ ಪ್ರಕಾರ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಒಟ್ಟು ಮೊತ್ತದ ಸಾಲನ್ನು ಬಿಟ್ಟು ಉಳಿದದ್ದನ್ನು ಆರಿಸಿ `Insert` ಮೂಲಕ `Clustered Bar` ಹಾಕಿ. ಒಟ್ಟು ಮೊತ್ತವನ್ನೂ ಸೇರಿಸಿದರೆ 72ರ ಬಾರ್ ಮುಂದೆ ಉಳಿದವೆಲ್ಲ ಮೋಟು ಬಾರ್‌ಗಳಾಗುತ್ತವೆ. ಒಟ್ಟನ್ನು ಶೀರ್ಷಿಕೆಯಲ್ಲಿ ಬರೆಯಿರಿ, ಸಾಕು.

ಚಾರ್ಟ್ ಬಂದ ಕೂಡಲೇ ಕ್ರಮ ತಲೆಕೆಳಗಾಗಿರುವುದು ಕಾಣುತ್ತದೆ. ಪಟ್ಟಿಯ ಮೊದಲ ಸಾಲು ಚಾರ್ಟಿನ ಕೆಳಗಡೆ ಬಂದಿರುತ್ತದೆ. ಇದು ನಿಮ್ಮ ತಪ್ಪಲ್ಲ, ಎಕ್ಸೆಲ್ ಅಡ್ಡ ಬಾರ್‌ಗಳನ್ನು ಕೆಳಗಿನಿಂದ ಮೇಲೆ ಎಣಿಸುತ್ತದೆ. ಬಾಬ್ತುಗಳ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ `Format Axis` ತೆರೆದು `Categories in reverse order` ಗುರುತು ಹಾಕಿ. ಆಗ ಅಂಕಿಗಳ ಸಾಲು ಮೇಲಕ್ಕೆ ಹೋಗುತ್ತದೆ. ಅದನ್ನು ಹೇಗೂ ತೆಗೆಯಲಿದ್ದೇವೆ, ಚಿಂತೆಯಿಲ್ಲ. ಆದರೆ ತೆಗೆಯುವ ಮುಂಚೆ ಅಂಕಿಗಳ ಸಾಲಿನ `Minimum` 0 ಇದೆಯೇ ಎಂದು ನೋಡಿ. 10ರಿಂದ ಶುರುವಾದರೆ 18.4ರ ಬಾರ್ 14.2ರ ಬಾರ್‌ಗಿಂತ ಎರಡು ಪಟ್ಟು ಉದ್ದ ಕಾಣುತ್ತದೆ. ಸಭೆಯಲ್ಲಿ ಅದು ಸುಳ್ಳು ಲೆಕ್ಕ ಕೊಟ್ಟ ಹಾಗೆ.

ನಂತರ `Add Data Labels` ಕೊಟ್ಟು ಸ್ಥಾನವನ್ನು `Outside End` ಮಾಡಿ. ಪ್ರತಿ ಬಾರ್‌ನ ತುದಿಯ ಹೊರಗೆ ಅದರ ಅಂಕಿ ಬರುತ್ತದೆ. ಬಾರ್ ಒಳಗೆ ಬಿಳಿ ಅಕ್ಷರದಲ್ಲಿ ಅಂಕಿ ಹಾಕುವ ಆಸೆ ಬೇಡ. ಕಪ್ಪು ನೆಲದ ಮೇಲಿನ ಸಣ್ಣ ಬಿಳಿ ಅಕ್ಷರದೊಳಕ್ಕೆ ಟೋನರ್ ಹರಡಿ 3 ಮತ್ತು 8 ಒಂದೇ ಆಗುತ್ತವೆ. ಅಂಕಿಗಳು ಬಂದ ಮೇಲೆ ಹಿನ್ನೆಲೆಯ ಗೆರೆಗಳು, ಅಂಕಿಗಳ ಸಾಲು ಎರಡನ್ನೂ ಆರಿಸಿ ಅಳಿಸಿ. ತಿಳಿ ಬೂದು ಬಣ್ಣದ ಆ ಗೆರೆಗಳು ಝೆರಾಕ್ಸ್‌ನಲ್ಲಿ ಒಂದು ಕಡೆ ಉಳಿದು ಒಂದು ಕಡೆ ಅಳಿದು ಗಲೀಜಾಗಿ ಕಾಣುತ್ತವೆ.

ಬಾರ್ ತೆಳ್ಳಗಿದ್ದರೆ `Format Data Series` ಒಳಗೆ `Gap Width` ಅನ್ನು 60% ಆಸುಪಾಸಿಗೆ ಇಳಿಸಿ, `Series Overlap` 0% ಇಡಿ.

ಕೊನೆಗೆ ವರ್ಷಗಳ ಸೂಚಿ. ಚಾರ್ಟಿನ ಕೆಳಗೆ ಬರುವ ಚಿಕ್ಕ ಚೌಕಗಳ ಸೂಚಿಯನ್ನು ಅಳಿಸಿಬಿಡಿ. ಬದಲಿಗೆ ಎಲ್ಲಕ್ಕಿಂತ ಮೇಲಿನ ಜೋಡಿಯ, ಅಂದರೆ ಕುಡಿಯುವ ನೀರಿನ, ಅಂಕಿಯ ಮೇಲೆ ಒಮ್ಮೆ ಕ್ಲಿಕ್ ಮಾಡಿ. ಇಡೀ ಸಾಲಿನ ಅಂಕಿಗಳು ಆಯ್ಕೆಯಾಗುತ್ತವೆ. ತುಸು ತಡೆದು ಅದೇ ಅಂಕಿಯ ಮೇಲೆ ಮತ್ತೊಮ್ಮೆ ಕ್ಲಿಕ್ ಮಾಡಿದರೆ ಅದೊಂದೇ ಆಯ್ಕೆಯಾಗುತ್ತದೆ. ಆಗ `Format Data Label` ಒಳಗೆ `Series Name` ಗುರುತು ಹಾಕಿ. 18.4ರ ಜೊತೆಗೆ 'ಈ ವರ್ಷದ ಅಂದಾಜು' ಎಂದು, 15.1ರ ಜೊತೆಗೆ 'ಕಳೆದ ವರ್ಷದ ಖರ್ಚು' ಎಂದು ಬರುತ್ತದೆ. ಓದುವವರು ಮೇಲಿನ ಜೋಡಿ ನೋಡಿದ ಕೂಡಲೇ ಉಳಿದ ಐದನ್ನೂ ಓದಬಲ್ಲರು. ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಕೆಲಸ ಮಾಡಲು ಸಮಯವಿದೆ ಎಂದರೆ ಇದನ್ನೇ ಮಾಡಿ.

## ಹಂತ 4: ಛಾಯೆ ಕೊಡುವುದು

ಈಗ ಮಾತ್ರ ಬಣ್ಣದ ವಿಚಾರ. ನಮಗೆ ಬೇಕಿರುವುದು ಎರಡೇ ಛಾಯೆ.

ಕಳೆದ ವರ್ಷದ ಬಾರ್‌ಗೆ ಬಿಳಿ ತುಂಬಿ, `Border` ನಲ್ಲಿ 1 ಪಾಯಿಂಟ್ ಕಪ್ಪು ಗೆರೆ ಕೊಡಿ. ಈ ವರ್ಷದ್ದಕ್ಕೆ ಗಾಢ ಬೂದು, ಬಣ್ಣದ ಸಂಕೇತ `404040`, ಅದಕ್ಕೂ ಅದೇ ಕಪ್ಪು ಅಂಚು. ಮುಗಿದದ್ದು ಬಿಳಿ, ಮುಂದೆ ಆಗುವುದು ಗಾಢ ಎಂದು ವರದಿಯ ಎಲ್ಲ ಚಾರ್ಟುಗಳಲ್ಲೂ ಒಂದೇ ರೀತಿ ಇಡಿ. ಒಂದು ಪುಟದಲ್ಲಿ ಬಿಳಿ ಎಂದರೆ ಹೋದ ವರ್ಷ, ಇನ್ನೊಂದರಲ್ಲಿ ಬಿಳಿ ಎಂದರೆ ಉಳಿತಾಯ ಎಂದಾದರೆ ಓದುವವರು ದಾರಿ ತಪ್ಪುತ್ತಾರೆ.

ಮೂರನೆಯ ಛಾಯೆ ಬೇಕೇಬೇಕೆಂದರೆ `A6A6A6` ಬೂದು ಬಳಸಬಹುದು. ಅದಕ್ಕಿಂತ ಹೆಚ್ಚು ಬೇಡ. ಛಾಯೆ ಮೂರಕ್ಕಿಂತ ಹೆಚ್ಚು ಬೇಕಾಗುತ್ತಿದೆ ಎಂದರೆ ಚಾರ್ಟನ್ನು ಎರಡು ಮಾಡಬೇಕಿತ್ತು ಎಂದು ಅರ್ಥ, ಹಂತ 1ಕ್ಕೆ ಹಿಂದಿರುಗಿ.

ಗೆರೆಗೆರೆಯ `Pattern fill` ಬಗ್ಗೆ ಒಂದು ಎಚ್ಚರಿಕೆ. ಇದನ್ನು ಹಲವರು ಮೊದಲ ಮದ್ದು ಎಂದುಕೊಂಡಿದ್ದಾರೆ, ನಾನು ಕೊನೆಯ ಮದ್ದು ಎನ್ನುತ್ತೇನೆ. ಪರದೆಯಲ್ಲಿ ಕಂಡ ಗೆರೆಗಳ ಅಂತರ ಮುದ್ರಣದಲ್ಲಿ ಹಾಗೆಯೇ ಬರುತ್ತದೆಂದು ನಂಬುವಂತಿಲ್ಲ. ಸಣ್ಣ ಚುಕ್ಕಿ, ಸಣ್ಣ ಗೆರೆಗಳು ಝೆರಾಕ್ಸ್ ಯಂತ್ರ ಬೂದು ಬಣ್ಣವನ್ನು ಬಿಡಿಸುವ ತನ್ನದೇ ಚುಕ್ಕಿಗಳ ಜೊತೆ ಸಿಕ್ಕಿ ಅಲೆಅಲೆಯ ಕಲೆಗಳಾಗುತ್ತವೆ. ಬಳಸುವುದಿದ್ದರೆ `Wide upward diagonal` ಥರದ ಅಗಲ ಓರೆ ಗೆರೆಯನ್ನು ಒಂದೇ ಒಂದು ಸಾಲಿಗೆ ಬಳಸಿ. ಎಡಕ್ಕೆ ಓರೆ, ಬಲಕ್ಕೆ ಓರೆ ಎಂದು ಎರಡನ್ನು ಅಕ್ಕಪಕ್ಕ ಇಟ್ಟರೆ ಕಣ್ಣು ಕುಣಿಯುತ್ತದೆ, ಬೇರ್ಪಡಿಸುವುದೂ ಕಷ್ಟ.

ಇದೇ ವರದಿಯ ಪಿಡಿಎಫ್ ಅನ್ನು ವಾಟ್ಸಾಪ್‌ನಲ್ಲಿ ಬಣ್ಣದಲ್ಲಿ ಕಳಿಸಬೇಕು ಎನ್ನುವವರು ಗಾಢ ನೀಲಿ `1F4E79` ಮತ್ತು ತಿಳಿ ಕಿತ್ತಳೆ `F4B183` ಜೋಡಿ ಬಳಸಿ. ಯಾಕೆ ಈ ಜೋಡಿ ಎನ್ನುವುದು ಮುಂದಿನ ಹಂತದಲ್ಲಿದೆ.

## ಹಂತ 5: ಬಣ್ಣದ ಬೂದು ಅಂಕಿ ಲೆಕ್ಕ ಹಾಕುವುದು

ಪರದೆಯ ಪ್ರತಿ ಬಣ್ಣವೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿಗಳಿಂದ ಆಗಿದೆ, ಪ್ರತಿಯೊಂದೂ 0ಯಿಂದ 255ರ ತನಕ. ಚಾರ್ಟಿನ ಬಾರ್ ಆರಿಸಿ ಬಣ್ಣದ ಪಟ್ಟಿಯಲ್ಲಿ `More Colors`, ಅದರಲ್ಲಿ `Custom` ತೆರೆದರೆ ಆ ಮೂರೂ ಕಾಣುತ್ತವೆ. ಅವನ್ನು A2, B2, C2 ಕೋಶಗಳಲ್ಲಿ ಬರೆದು ಈ ಸೂತ್ರ ಹಾಕಿ:

```
=0.299*A2+0.587*B2+0.114*C2
```

ಬರುವ ಉತ್ತರವೇ ಕಪ್ಪು-ಬಿಳುಪಿನಲ್ಲಿ ಆ ಬಣ್ಣ ಎಷ್ಟು ತಿಳಿ, ಎಷ್ಟು ಗಾಢ ಎಂಬ ಅಂಕಿ. 0 ಎಂದರೆ ಕಪ್ಪು, 255 ಎಂದರೆ ಬಿಳಿ. ನಮ್ಮ ಕಣ್ಣಿಗೆ ಹಸಿರು ಹೆಚ್ಚು ಬೆಳಕಾಗಿ, ನೀಲಿ ಬಹಳ ಮಂಕಾಗಿ ಕಾಣುವುದರಿಂದ ಮೂರಕ್ಕೂ ಬೇರೆ ಬೇರೆ ತೂಕ.

ಎಕ್ಸೆಲ್ 2013ರಿಂದ ಹಲವು ವರ್ಷ ತಾನಾಗಿಯೇ ಹಾಕುತ್ತಿದ್ದ, ಈಗಲೂ ನಮ್ಮ ಕಚೇರಿಗಳ ಬಹಳಷ್ಟು ಫೈಲುಗಳಲ್ಲಿರುವ ಬಣ್ಣಗಳಿಗೆ ಈ ಲೆಕ್ಕ ಹಾಕಿ ನೋಡಿ. ಕಿತ್ತಳೆ `ED7D31` ಗೆ 150, ತಿಳಿ ನೀಲಿ `5B9BD5` ಗೆ 142, ಹಸಿರು `70AD47` ಗೆ 143. ಪರದೆಯಲ್ಲಿ ಮೂರು ಬೇರೆ ಬಣ್ಣ, ಝೆರಾಕ್ಸ್‌ನಲ್ಲಿ ಒಂದೇ ಬೂದು. ನಿಮ್ಮ ಪೈ ಚಾರ್ಟಿನ ಹೋಳುಗಳು ಒಂದೇ ಮುದ್ದೆಯಾದದ್ದು ಇದರಿಂದಲೇ. 'ಹೆಚ್ಚಾದದ್ದು ಕೆಂಪು, ಉಳಿದದ್ದು ಹಸಿರು' ಎಂದು ಮಾಡುವವರಿಗೂ ಇದೇ ಗತಿ. ಅಚ್ಚ ಕೆಂಪು `FF0000` ಗೆ 76, ಗಾಢ ಹಸಿರು `008000` ಗೆ 75.

ಇಲ್ಲೊಂದು ಗುಂಡಿ ಇದೆ, ಓದಿಕೊಂಡವರೂ ಬೀಳುವಂಥದ್ದು. ಬಣ್ಣಗುರುಡು ಇರುವವರಿಗೆ ಸುರಕ್ಷಿತ ಎಂದು ಹೆಸರಾದ ಬಣ್ಣಗಳ ಪಟ್ಟಿ ಜಪಾನಿನ ಒಕಾಬೆ ಮತ್ತು ಇಟೊ ಅವರದು. ಒಳ್ಳೆಯ ಪಟ್ಟಿಯೇ. ಆದರೆ ಅದರಲ್ಲಿನ ಕಿತ್ತಳೆ `E69F00` ಗೆ ಬೂದು ಅಂಕಿ 162, ಆಕಾಶ ನೀಲಿ `56B4E9` ಗೆ 158. ಕೆಂಪು-ಹಸಿರು ಹತ್ತದವರಿಗೆ ಇವೆರಡು ಸಲೀಸಾಗಿ ಬೇರೆ ಕಾಣುತ್ತವೆ, ಏಕೆಂದರೆ ಅವರಿಗೆ ನೀಲಿ-ಹಳದಿಯ ವ್ಯತ್ಯಾಸ ಉಳಿದಿರುತ್ತದೆ. ಝೆರಾಕ್ಸ್ ಯಂತ್ರಕ್ಕೆ ಅದೂ ಇಲ್ಲ. ಹಾಗಾಗಿ ಬಣ್ಣಗುರುಡಿಗೆ ಸುರಕ್ಷಿತ ಎಂದರೆ ಝೆರಾಕ್ಸ್‌ಗೂ ಸುರಕ್ಷಿತ ಎಂದಲ್ಲ. ಬೂದು ಅಂಕಿಯಲ್ಲಿ ಸಾಕಷ್ಟು ಅಂತರವಿರುವ ಜೋಡಿ ಮಾತ್ರ ಎರಡೂ ಕಡೆ ಉಳಿಯುತ್ತದೆ.

ಎಷ್ಟು ಅಂತರ? ಪರದೆಗಾದರೆ 40 ಇದ್ದರೂ ಕಾಣುತ್ತದೆ. ಝೆರಾಕ್ಸ್‌ಗೆ ಕನಿಷ್ಠ 80 ಇಡಿ ಎಂಬುದು ನನ್ನ ಸಲಹೆ. ಯಂತ್ರದಿಂದ ಯಂತ್ರಕ್ಕೆ, ಟೋನರ್‌ನಿಂದ ಟೋನರ್‌ಗೆ ಛಾಯೆ ಏರಿಳಿಯುತ್ತದೆ. ಗಾಢ ನೀಲಿ `1F4E79` ಗೆ 69, ತಿಳಿ ಕಿತ್ತಳೆ `F4B183` ಗೆ 192, ಅಂತರ 123. ಅದಕ್ಕೇ ಆ ಜೋಡಿ. ಇನ್ನು 220ರ ಮೇಲಿನ ಯಾವ ಛಾಯೆಯನ್ನೂ ನಂಬಬೇಡಿ. ಯಂತ್ರವು ಹಳೆಯ ಕಾಗದದ ಮಾಸಲನ್ನು ಅಳಿಸುವಾಗ ಅದನ್ನೂ ಸೇರಿಸಿ ಅಳಿಸಿಬಿಡುತ್ತದೆ. ತಿಳಿ ಹಳದಿ ಮೊದಲು ಮಾಯವಾಗುವುದು ಹೀಗೆ. ಬಿಳಿ ಬಾರ್‌ಗೆ ಈ ಭಯವಿಲ್ಲ, ಅದರ ಗುರುತು ಇರುವುದು ಅಂಚಿನ ಗೆರೆಯಲ್ಲಿ.

ಲೆಕ್ಕ ಹಾಕುವಷ್ಟು ಪುರಸೊತ್ತಿಲ್ಲದಿದ್ದರೆ ವಿಂಡೋಸ್‌ನಲ್ಲಿ ಇಡೀ ಪರದೆಯನ್ನೇ ಬೂದು ಮಾಡಬಹುದು. `Settings` ಒಳಗೆ `Accessibility`, ಅದರಲ್ಲಿ `Color filters` ತೆರೆದು `Grayscale` ಆರಿಸಿ. ವಿಂಡೋಸ್ 10ರಲ್ಲಿ `Accessibility` ಜಾಗದಲ್ಲಿ `Ease of Access` ಎಂದಿರುತ್ತದೆ. ಅದೇ ಪಟ್ಟಿಯಲ್ಲಿ ಕೆಂಪು-ಹಸಿರಿನ ಹೆಸರಿರುವ ಬೇರೆ ಆಯ್ಕೆಗಳೂ ಇವೆ. ಅವು ಬಣ್ಣಗುರುಡು ಇರುವವರಿಗೆ ಪರದೆ ಸ್ಪಷ್ಟವಾಗಲೆಂದು ಬಣ್ಣ ತಿದ್ದುವಂಥವು, ಅವರಿಗೆ ಹೇಗೆ ಕಾಣುತ್ತದೆಂದು ನಮಗೆ ತೋರಿಸುವಂಥವಲ್ಲ. ಅವನ್ನು ಹಾಕಿ 'ಸರಿಯಾಗಿ ಕಾಣುತ್ತಿದೆ' ಎಂದು ತೀರ್ಮಾನಿಸಬೇಡಿ.

## ಹಂತ 6: ಏರಿದ್ದು, ಇಳಿದದ್ದು ತೋರಿಸುವ ಎರಡನೇ ಚಾರ್ಟ್

ಬಜೆಟ್ ಸಭೆಯಲ್ಲಿ ಚರ್ಚೆ ಎದ್ದೇಳುವುದು ಈ ಚಾರ್ಟಿನ ಮೇಲೆ. ಈ ವರ್ಷದ ಅಂದಾಜಿನಿಂದ ಕಳೆದ ವರ್ಷದ ಖರ್ಚನ್ನು ಕಳೆದು ಹೊಸ ಕಾಲಂ ಮಾಡಿ. ನಮ್ಮ ಉದಾಹರಣೆಯಲ್ಲಿ ನೀರು 3.3 ಹೆಚ್ಚು, ನೈರ್ಮಲ್ಯ 2.6 ಹೆಚ್ಚು, ವೇತನ 0.8 ಹೆಚ್ಚು, ಬೀದಿ ದೀಪ 0.2 ಹೆಚ್ಚು, ವಿದ್ಯುತ್ ಬಿಲ್ 1.4 ಕಡಿಮೆ, ರಸ್ತೆ-ಚರಂಡಿ 1.5 ಕಡಿಮೆ. ಎಲ್ಲ ಕೂಡಿದರೆ 4.0 ಹೆಚ್ಚು. 72ರಲ್ಲಿ 68 ಕಳೆದರೂ ಅಷ್ಟೇ ಬರುತ್ತದೆ, ತಾಳೆ ನೋಡಿಕೊಳ್ಳಿ.

ಇದನ್ನು ಇದೇ ಕ್ರಮದಲ್ಲಿ ಜೋಡಿಸಿ ಅಡ್ಡ ಬಾರ್ ಮಾಡಿದರೆ ಹೆಚ್ಚಾದದ್ದು ಸೊನ್ನೆಯ ಗೆರೆಯ ಬಲಕ್ಕೆ, ಕಡಿಮೆಯಾದದ್ದು ಎಡಕ್ಕೆ ಬರುತ್ತದೆ. ಯಾವ ಕಡೆ ಎನ್ನುವುದೇ ಇಲ್ಲಿ ಮುಖ್ಯ ಗುರುತು. ಛಾಯೆ ಬರೀ ಬೆಂಬಲಕ್ಕೆ. `Fill` ನಲ್ಲಿ `Solid fill` ಆರಿಸಿ `Invert if negative` ಗುರುತು ಹಾಕಿದರೆ ಎರಡು ಬಣ್ಣದ ಗುಂಡಿಗಳು ಬರುತ್ತವೆ. ಮೊದಲನೆಯದಕ್ಕೆ ಗಾಢ ಬೂದು, ಎರಡನೆಯದಕ್ಕೆ ಬಿಳಿ, ಎಲ್ಲಕ್ಕೂ ಕಪ್ಪು ಅಂಚು. ಇಲ್ಲಿ ಬಿಳಿಯ ಅರ್ಥ ಬದಲಾಗುವುದರಿಂದ ಶೀರ್ಷಿಕೆಯಲ್ಲೇ ಹೇಳಿಬಿಡಿ: 'ಗಾಢ ಬಾರ್ ಹೆಚ್ಚಳ, ಬಿಳಿ ಬಾರ್ ಇಳಿಕೆ, ಲಕ್ಷ ರೂಪಾಯಿಗಳಲ್ಲಿ'.

ಎರಡು ಕಡೆ ಕೈಕೊಡುತ್ತದೆ. ಎಡಕ್ಕೆ ಹೋದ ಬಾರ್ ಬಾಬ್ತಿನ ಹೆಸರಿನ ಮೇಲೆಯೇ ಕೂತುಕೊಳ್ಳುತ್ತದೆ. `Format Axis` ಒಳಗೆ `Labels`, ಅಲ್ಲಿ `Label Position` ಅನ್ನು `Low` ಮಾಡಿದರೆ ಹೆಸರುಗಳು ಚಾರ್ಟಿನ ಎಡ ತುದಿಗೆ ಸರಿಯುತ್ತವೆ. ಇನ್ನೊಂದು, ಋಣ ಚಿಹ್ನೆ. ಸಣ್ಣ ಅಡ್ಡ ಗೆರೆಯಾದ ಅದು ಝೆರಾಕ್ಸ್‌ನಲ್ಲಿ ಅಳಿದರೆ 1.4 ಲಕ್ಷದ ಇಳಿಕೆ 1.4 ಲಕ್ಷದ ಏರಿಕೆ ಆಗಿಬಿಡುತ್ತದೆ. ಅಂಕಿಗಳನ್ನು ಆರಿಸಿ `Format Data Labels` ನ `Number` ವಿಭಾಗದಲ್ಲಿ `Format Code` ಜಾಗಕ್ಕೆ ಇದನ್ನು ಹಾಕಿ `Add` ಒತ್ತಿ:

```
"ಹೆಚ್ಚು "0.0;"ಕಡಿಮೆ "0.0;"ಸಮ"
```

ಈಗ ಪ್ರತಿ ಬಾರ್‌ನ ತುದಿಯಲ್ಲಿ 'ಹೆಚ್ಚು 3.3', 'ಕಡಿಮೆ 1.4' ಎಂದು ಅಕ್ಷರದಲ್ಲೇ ಬರುತ್ತದೆ. ಬಣ್ಣ ಹೋಗಲಿ, ಛಾಯೆ ಹೋಗಲಿ, ಚಿಹ್ನೆ ಹೋಗಲಿ, ಅರ್ಥ ಉಳಿಯುತ್ತದೆ.

## ಹಂತ 7: ತಿಂಗಳ ತೆರಿಗೆ ವಸೂಲಿಗೆ ಗೆರೆ ಚಾರ್ಟ್ ಇದ್ದರೆ

ಎರಡು ವರ್ಷದ ಎರಡು ಗೆರೆ ಮಾತ್ರ ಇಡಿ. ಈ ವರ್ಷದ್ದು 2.25 ಪಾಯಿಂಟ್ ದಪ್ಪದ ತುಂಬು ಗೆರೆ, ಹೋದ ವರ್ಷದ್ದು ತುಂಡು ಗೆರೆ. ಬಲ ತುದಿಯ ಬಿಂದುವಿಗೆ ಮಾತ್ರ ಹಂತ 3ರಲ್ಲಿ ಮಾಡಿದ ಹಾಗೆ ಹೆಸರು ಬರೆಯಿರಿ. 1 ಪಾಯಿಂಟ್‌ಗಿಂತ ತೆಳುವಾದ ಗೆರೆ ಝೆರಾಕ್ಸ್‌ನಲ್ಲಿ ಹರಿಯುತ್ತದೆ, ಆಗ ತುಂಬು ಗೆರೆಯೂ ತುಂಡು ಗೆರೆಯ ಹಾಗೆ ಕಂಡು ಎರಡೂ ಅದಲುಬದಲಾಗುತ್ತವೆ. ಕಪ್ಪು ಗೆರೆಯ ಪಕ್ಕ ಕೆಂಪು ಗೆರೆ ಬೇಡವೇ ಬೇಡ. ಬಣ್ಣಗುರುಡಿನ ಒಂದು ಬಗೆಯಲ್ಲಿ ಕೆಂಪು ಬಹಳ ಗಾಢವಾಗಿ, ಕಪ್ಪಿಗೆ ಹತ್ತಿರವಾಗಿ ಕಾಣುತ್ತದೆ.

## ಹಂತ 8: ಕನ್ನಡ ಅಕ್ಷರದ ಗಾತ್ರ ಮತ್ತು ಫಾಂಟ್

ಚಾರ್ಟಿನೊಳಗಿನ ಅಕ್ಷರ 12 ಪಾಯಿಂಟ್‌ಗಿಂತ ಚಿಕ್ಕದಾಗಬಾರದು. ಕಾಗದ ಉಳಿಸಲೆಂದು ಎರಡು ಪುಟವನ್ನು ಒಂದು ಎ4 ಹಾಳೆಗೆ ತರುವುದು ಪಂಚಾಯತಿಗಳಲ್ಲಿ ಮಾಮೂಲಿ. ಆಗ ಎಲ್ಲವೂ 71%ಗೆ ಇಳಿಯುತ್ತದೆ, 12 ಪಾಯಿಂಟ್ ಅಕ್ಷರ 8.5 ಆಗುತ್ತದೆ. ಎಕ್ಸೆಲ್ ತಾನಾಗಿ ಕೊಡುವ 9 ಪಾಯಿಂಟ್ ಆರೂವರೆಗೆ ಇಳಿದರೆ 'ನೈರ್ಮಲ್ಯ'ದ ಅರ್ಕಾವತ್ತು, 'ಸಿಬ್ಬಂದಿ'ಯ ಬ ಒತ್ತು ಬರೀ ಕಪ್ಪು ಚುಕ್ಕಿ. ಅಕ್ಷರದ ಬಣ್ಣವನ್ನೂ ಪೂರ್ತಿ ಕಪ್ಪು ಮಾಡಿ. ಎಕ್ಸೆಲ್ ಹಾಕುವುದು ಬೂದು ಅಕ್ಷರ, ಅದು ಪ್ರಿಂಟಿನಲ್ಲಿ ಚುಕ್ಕಿಚುಕ್ಕಿಯಾಗಿ ಒಡೆಯುತ್ತದೆ.

ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪಟ್ಟಿಯಿಂದ ಚಾರ್ಟ್ ಮಾಡಿದರೆ ಚಾರ್ಟು ತನ್ನದೇ ಫಾಂಟ್ ಹಾಕಿಕೊಂಡು ಅಕ್ಷರಗಳೆಲ್ಲ ಗಜಿಬಿಜಿಯಾಗುತ್ತವೆ. ಯುನಿಕೋಡ್‌ನಲ್ಲಿ ಟೈಪ್ ಮಾಡಿ, ವಿಂಡೋಸ್ ಜೊತೆಗೇ ಬರುವ `Nirmala UI` ಬಳಸಿ. ಅಂಗಡಿಗೆ ಎಕ್ಸೆಲ್ ಫೈಲ್ ಒಯ್ಯದೆ ಪಿಡಿಎಫ್ ಒಯ್ಯಿರಿ.

## ಹಂತ 9: ಮೂಲ ಪ್ರತಿ ಮತ್ತು ಝೆರಾಕ್ಸಿನ ಝೆರಾಕ್ಸ್

ಮೂಲ ಪ್ರತಿಯನ್ನು ಕಪ್ಪು-ಬಿಳುಪು ಲೇಸರ್ ಪ್ರಿಂಟರ್‌ನಲ್ಲೇ ತೆಗೆಯಿರಿ. ಬಣ್ಣದ ಇಂಕ್‌ಜೆಟ್ ಪ್ರಿಂಟ್ ತೆಗೆದು ಅದನ್ನು ಝೆರಾಕ್ಸ್ ಮಾಡಿಸಿದರೆ ಯಾವ ಬಣ್ಣ ಎಷ್ಟು ಬೂದು ಎನ್ನುವುದನ್ನು ಆ ಯಂತ್ರ ತೀರ್ಮಾನಿಸುತ್ತದೆ, ನಿಮ್ಮ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಪರೀಕ್ಷೆಗೆ ಮೂಲ ಪ್ರತಿಯಿಂದ ಒಂದು ಝೆರಾಕ್ಸ್ ತೆಗೆಯಿರಿ. ಆ ಝೆರಾಕ್ಸ್‌ನಿಂದ ಇನ್ನೊಂದು ತೆಗೆಯಿರಿ. ಪರೀಕ್ಷಿಸಬೇಕಾದದ್ದು ಎರಡನೆಯದನ್ನು, ಯಾಕೆಂದರೆ ಸದಸ್ಯರು ತಮಗೆ ಸಿಕ್ಕ ಪ್ರತಿಯನ್ನೇ ಮತ್ತೆ ಝೆರಾಕ್ಸ್ ಮಾಡಿ ಊರಲ್ಲಿ ಹಂಚುತ್ತಾರೆ. ಅದನ್ನು ಆ ಹೊಸ ಮನುಷ್ಯನ ಕೈಗೆ ಕೊಟ್ಟು ಮೂರು ಪ್ರಶ್ನೆ ಕೇಳಿ. ಈ ವರ್ಷ ಯಾವುದಕ್ಕೆ ಹೆಚ್ಚು ಹಣ? ವಿದ್ಯುತ್ ಬಿಲ್‌ಗೆ ಹೋದ ವರ್ಷ ಎಷ್ಟಾಗಿತ್ತು? ಯಾವುವು ಕಡಿಮೆಯಾಗಿವೆ? ಉತ್ತರ ಹೇಳುವಾಗ ಬೆರಳು ಚಾರ್ಟಿನ ಮೇಲೆ ಹಿಂದೆ ಮುಂದೆ ಓಡಾಡಿದರೆ ಹೆಸರು ಬಾರ್‌ನಿಂದ ದೂರ ಇದೆ ಎಂದರ್ಥ. 'ಇದು ಯಾವ ವರ್ಷದ್ದು?' ಎಂದು ಕೇಳಿದರೆ ಮೇಲಿನ ಜೋಡಿಯ ಹೆಸರು ಚಿಕ್ಕದಾಗಿದೆ.

ಕಾಗದದಲ್ಲೇ ಕಾಣುವ ಲಕ್ಷಣಗಳೂ ಇವೆ. ಬಿಳಿ ಬಾರ್‌ನ ಅಂಚು ಅಲ್ಲಲ್ಲಿ ಹರಿದಿದ್ದರೆ ಗೆರೆಯನ್ನು ಒಂದೂವರೆ ಪಾಯಿಂಟ್ ಮಾಡಿ. ಗಾಢ ಬಾರ್‌ನ ನಡುವೆ ಬಿಳಿ ಪಟ್ಟೆ ಬಂದಿದ್ದರೆ ಯಂತ್ರದಲ್ಲಿ ಟೋನರ್ ಮುಗಿಯುತ್ತಾ ಬಂದಿರಬಹುದು, ಬೇರೆ ಯಂತ್ರದಲ್ಲಿ ತೆಗೆದು ನೋಡಿ. ಇಡೀ ಹಾಳೆ ಮಸುಕು ಬೂದು ಬಣ್ಣಕ್ಕೆ ತಿರುಗಿದ್ದರೆ ಅಂಗಡಿಯವರು ಯಂತ್ರದಲ್ಲಿ ಗಾಢತೆ ಹೆಚ್ಚು ಇಟ್ಟಿದ್ದಾರೆ.

## ಹಂತ 10: ಅಂಗಡಿಯಲ್ಲಿ ಹೇಳಬೇಕಾದದ್ದು

ಝೆರಾಕ್ಸ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಮೂರು ಬಗೆ ಇರುತ್ತದೆ: `Text`, `Text/Photo`, `Photo`. ಹೆಸರು ಕಂಪನಿಯಿಂದ ಕಂಪನಿಗೆ ತುಸು ಬೇರೆ. ಬಿಳಿ ಮತ್ತು ಗಾಢ ಎರಡೇ ಛಾಯೆಯ ನಮ್ಮ ಚಾರ್ಟಿಗೆ `Text` ಸಾಕು, ಅಕ್ಷರವೂ ಅಂಚೂ ಚೂಪಾಗಿ ಬರುತ್ತವೆ. ನಡುವಿನ ಬೂದು `A6A6A6` ಬಳಸಿದ್ದರೆ `Text/Photo` ಬೇಕು. `Text` ನಲ್ಲಿ ಆ ಬೂದು ಒಂದೋ ಕಪ್ಪಿಗೆ, ಇಲ್ಲವೇ ಬಿಳಿಗೆ ವಾಲುತ್ತದೆ.

"ಅಣ್ಣಾರ, ಟೆಕ್ಸ್ಟ್ ಮೋಡಿಗೆ ಇಟ್ಟು ಮೊದಲ ಒಂದ ಕಾಪಿ ಹೊಡೀರಿ, ನೋಡಿ ಹೇಳ್ತೇನಿ" ಎನ್ನಿ. ಆ ಒಂದು ಪ್ರತಿಯನ್ನು ಪರೀಕ್ಷೆಯಲ್ಲಿ ಪಾಸಾದ ಪ್ರತಿಯ ಪಕ್ಕದಲ್ಲಿಟ್ಟು ನೋಡಿ. ಬಿಳಿ ಬಾರ್‌ನ ಅಂಚು, 'ಕಡಿಮೆ 1.4' ಎಂಬ ಅಕ್ಷರ, ಒತ್ತಕ್ಷರ ಈ ಮೂರೂ ಸರಿ ಇದ್ದರೆ ಉಳಿದ ಪ್ರತಿಗಳಿಗೆ ಹೇಳಿ. ಬಹಳ ಪ್ರತಿ ಇದ್ದರೆ ಕೊನೆಯ ಪ್ರತಿಯನ್ನೂ ತೆಗೆದು ನೋಡಿಯೇ ಹಣ ಕೊಡಿ, ಟೋನರ್ ನಡುವೆ ಕೈಕೊಟ್ಟಿರಬಹುದು. ಮೂಲ ಪ್ರತಿಯನ್ನು ಮಡಚದೆ ಫೈಲಿನಲ್ಲಿಟ್ಟು ವಾಪಸ್ ತನ್ನಿ, ಗ್ರಾಮಸಭೆಗೆ ಇನ್ನಷ್ಟು ಪ್ರತಿ ಬೇಕಾದಾಗ ಅದರಿಂದಲೇ ತೆಗೆಸಬೇಕು.